ಒಂದೇ ಸಲಕ್ಕೆ ಬಂದ 93 ಹೊಗಳಿಕೆಗಳು: ಹುಬ್ಬಳ್ಳಿಯ ಖಾನಾವಳಿಯೊಂದರ ಪ್ರಕರಣ

ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷದ ನೆಪದಲ್ಲಿ ನಲವತ್ತೈದು ಮಂದಿ ನೆಂಟರಿಗೆ ಹುಬ್ಬಳ್ಳಿಯಲ್ಲಿ ಒಂದು ಮಧ್ಯಾಹ್ನದ ಊಟ ಹಾಕಿಸಬೇಕಾಗಿತ್ತು. ಊಟ ರೊಟ್ಟಿಯದೇ ಆಗಬೇಕೆಂದು ಅಪ್ಪ ಮೊದಲೇ ಹೇಳಿದ್ದರು. ಅಕ್ಕನ ಮಗ ಗೂಗಲ್ ಮ್ಯಾಪ್ಸ್ ನೋಡಿ, 4.7 ಸ್ಟಾರ್ ಇರುವ ಒಂದು ಖಾನಾವಳಿಯ ಕೊಂಡಿಯನ್ನು ಕಳಿಸಿದ. ಒಟ್ಟು 151 ರಿವ್ಯೂಗಳಿದ್ದವು, ಮೇಲೆ ಕಾಣುತ್ತಿದ್ದವೆಲ್ಲ ಹೊಗಳಿಕೆಗಳೇ ಆಗಿದ್ದವು. ನನ್ನ ವೃತ್ತಿ ಲೆಕ್ಕ ತಪಾಸಣೆ. ವರ್ಷವಿಡೀ ಬರೆದ ವೋಚರುಗಳು ಹೇಗಿರುತ್ತವೆ, ತಪಾಸಣೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಕೂತು ಬರೆದ ವೋಚರುಗಳು ಹೇಗಿರುತ್ತವೆ ಎಂಬುದನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಆ ಹೊಗಳಿಕೆಗಳ ಸಾಲು ಸರಿಯಾಗಿ ಕಾಣಲಿಲ್ಲ. ಎರಡು ಸಂಜೆ ಕೂತು 151ನ್ನೂ ಓದಿ, ಎಣಿಸಿ, ಒಂದು ಪುಸ್ತಕದಲ್ಲಿ ಬರೆದುಕೊಂಡೆ. ಖಾನಾವಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಏಕೆಂದು ಮುಂದೆ ಓದಿದವರಿಗೆ ತಿಳಿಯುತ್ತದೆ.

ಮೊದಲು ಮಾಡಿದ ಕೆಲಸವೆಂದರೆ ರಿವ್ಯೂಗಳ ಕ್ರಮವನ್ನು ಬದಲಾಯಿಸಿದ್ದು. ಆ್ಯಪ್ ತಾನಾಗಿ ತೋರಿಸುವುದು Most relevant ಎಂಬ ಕ್ರಮವನ್ನು. ಅದರಲ್ಲಿ ಹಳೆಯದು, ಹೊಸದು ಎಲ್ಲ ಬೆರೆತಿರುವುದರಿಂದ ಯಾವುದು ಯಾವಾಗ ಬಂತೆಂಬುದು ಗೊತ್ತಾಗುವುದಿಲ್ಲ. Newest ಎಂಬುದನ್ನು ಒತ್ತಿದಾಗ ಕಾಲಾನುಕ್ರಮ ಬಿಚ್ಚಿಕೊಂಡಿತು. ಖಾನಾವಳಿಗೆ ಮೊದಲ ರಿವ್ಯೂ ಬಂದು ಎರಡೂವರೆ ವರ್ಷವಾಗಿತ್ತು. ಅಷ್ಟೂ ಕಾಲದಲ್ಲಿ, ಅಂದರೆ ಮೂವತ್ತು ತಿಂಗಳಲ್ಲಿ, ಬಂದದ್ದು 58 ರಿವ್ಯೂಗಳು, ತಿಂಗಳಿಗೆ ಸುಮಾರು ಎರಡು. ಉಳಿದ 93 ರಿವ್ಯೂಗಳ ಪಕ್ಕದಲ್ಲಿ ‘ಮೂರು ವಾರಗಳ ಹಿಂದೆ’ ಅಥವಾ ‘ಒಂದು ತಿಂಗಳ ಹಿಂದೆ’ ಎಂದಷ್ಟೇ ಇತ್ತು, ಅವುಗಳ ನಂತರ ಮತ್ತೆ ಒಂದೂ ಬಂದಿರಲಿಲ್ಲ. ಗೂಗಲ್ ನಿಖರವಾದ ತಾರೀಖನ್ನು ತೋರಿಸುವುದಿಲ್ಲವಾದ್ದರಿಂದ ಇದು ಒರಟು ಅಳತೆಯೇ ಸರಿ. ಆದರೂ ತಿಂಗಳಿಗೆ ಎರಡು ಬರುತ್ತಿದ್ದಲ್ಲಿ ಒಮ್ಮೆಗೇ 93 ಬಂದು ಹಾಗೆಯೇ ನಿಂತುಹೋಗುವುದನ್ನು ಕಾಣಲು ನಿಖರವಾದ ತಾರೀಖು ಬೇಕಾಗಿಲ್ಲ.

ಹಾಗೆ ಏಕಾಏಕಿ ಏರುವುದಕ್ಕೆ ಪ್ರಾಮಾಣಿಕವಾದ ಕಾರಣಗಳೂ ಇರುತ್ತವೆ, ಅವನ್ನು ಮೊದಲು ಪರಿಗಣಿಸದೆ ಮುಂದೆ ಹೋಗುವುದು ತಪ್ಪು. ಯಾರೋ ಮಾಡಿದ ರೀಲ್ಸ್ ಹರಡಿ ಊರೆಲ್ಲ ಅಲ್ಲಿಗೆ ನುಗ್ಗಿರಬಹುದು. ಸಮೀಪದಲ್ಲಿ ಜಾತ್ರೆಯೋ ಸಮ್ಮೇಳನವೋ ನಡೆದಿರಬಹುದು. ಮೇಜಿನ ಮೇಲೆ ಕ್ಯೂಆರ್ ಚೀಟಿ ಅಂಟಿಸಿ ‘ರಿವ್ಯೂ ಬರೆಯಿರಿ’ ಎಂದು ಕೇಳಲು ಅದೇ ತಿಂಗಳಲ್ಲಿ ಆರಂಭಿಸಿರಬಹುದು. ಆದರೆ ನಿಜವಾದ ಜನ ನುಗ್ಗಿದಾಗ ದೂರುಗಳೂ ಅವರ ಜೊತೆಗೇ ಬರುತ್ತವೆ. ಮೂವತ್ತು ಜನ ಕೂರುವ ಜಾಗಕ್ಕೆ ನೂರು ಜನ ಬಂದರೆ ಕಾಯಬೇಕಾಯಿತೆಂದೋ, ಪಲ್ಯ ಮುಗಿದಿತ್ತೆಂದೋ, ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲವೆಂದೋ ಕೆಲವರಾದರೂ ಬರೆಯುತ್ತಾರೆ, ನಾಲ್ಕೋ ಮೂರೋ ಸ್ಟಾರ್ ಕೊಡುತ್ತಾರೆ. ಈ 93ರಲ್ಲಿ ಐದಕ್ಕಿಂತ ಕಡಿಮೆ ಕೊಟ್ಟವರು ಒಬ್ಬರೂ ಇರಲಿಲ್ಲ.

ಇದರ ತೂಕ ಎಷ್ಟೆಂಬುದನ್ನು ಹಳೆಯ 58ರ ಪಕ್ಕದಲ್ಲಿಟ್ಟು ನೋಡಿದೆ. ಅವುಗಳಲ್ಲಿ ಐದು ಸ್ಟಾರಿನವು 29, ನಾಲ್ಕರವು 17, ಮೂರರವು 5, ಎರಡರವು 3, ಒಂದರವು 4, ಸರಾಸರಿ 4.1. ಅಂದರೆ ಎರಡೂವರೆ ವರ್ಷ ಅಲ್ಲಿ ಉಂಡವರ ಪೈಕಿ ಅರ್ಧದಷ್ಟು ಮಂದಿ ಐದು ಕೊಟ್ಟಿದ್ದರು. ಅಡುಗೆ ತೀರಾ ಸುಧಾರಿಸಿ ಹತ್ತರಲ್ಲಿ ಒಂಬತ್ತು ಜನ ಐದು ಕೊಡುವಂತಾಗಿದೆ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೂ 93 ಜನ ಸಾಲಾಗಿ ಐದನ್ನೇ ಕೊಡುವ ಸಂಭವ ಸುಮಾರು 18,000ಕ್ಕೆ ಒಂದು. ಇಷ್ಟರಿಂದಲೇ ಅವು ಸುಳ್ಳೆಂದು ಸಿದ್ಧವಾಗುವುದಿಲ್ಲ. ಆದರೆ ಇವು ಬೇರೆ ಬೇರೆ ದಿನ ಉಂಡು ಎದ್ದ ಬೇರೆ ಬೇರೆ ಜನರ ಸ್ವತಂತ್ರ ಅಭಿಪ್ರಾಯಗಳಲ್ಲ, ಇವುಗಳ ಹಿಂದೆ ಯಾವುದೋ ಒಂದು ಪ್ರೇರಣೆ ಇದೆ ಎನ್ನಲು ಸಾಕು. ಆ ಪ್ರೇರಣೆ ಯಾವುದೆಂದು ತಿಳಿಯಲು ರಿವ್ಯೂಗಳನ್ನು ಒಂದೊಂದಾಗಿ ತೆರೆಯಬೇಕಾಯಿತು. ತೆರೆದಾಗ 93 ಒಂದೇ ಗುಂಪಲ್ಲ, ಮೂರು ಗುಂಪು ಎಂಬುದು ತಿಳಿಯಿತು. ಇಡೀ ಪ್ರಕರಣದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ.

ಮೊದಲನೆಯ ಗುಂಪಿನಲ್ಲಿ 11 ರಿವ್ಯೂಗಳಿದ್ದವು. ಅವೆಲ್ಲವೂ ಬಡಿಸುವ ಒಬ್ಬ ಹುಡುಗನ ಹೆಸರನ್ನು ಹೇಳುತ್ತಿದ್ದವು: ಇಂಥವನು ಚೆನ್ನಾಗಿ ಬಡಿಸಿದ, ಕೇಳಿ ಕೇಳಿ ಹಾಕಿದ, ಅವನಿಗೆ ಧನ್ಯವಾದ. ಒಂದೇ ಹೆಸರು ಹನ್ನೊಂದು ಸಲ ಬಂದದ್ದನ್ನು ಕಂಡು ಇದೇ ಬಾಡಿಗೆಯ ಬರಹವಿರಬೇಕೆಂದು ಮೊದಲು ಭಾವಿಸಿದ್ದೆ, ಆದರೆ ಅದು ನನ್ನ ತಪ್ಪು. ಬರೆದವರ ಖಾತೆಗಳನ್ನು ತೆರೆದಾಗ, ಬೇರೆ ರಿವ್ಯೂಗಳನ್ನೂ ಬರೆದಿದ್ದವರಲ್ಲಿ ಬಹುತೇಕ ಎಲ್ಲರೂ ಹುಬ್ಬಳ್ಳಿ–ಧಾರವಾಡದವರೇ ಎಂದು ಕಂಡಿತು. ಅವರ ಉಳಿದ ರಿವ್ಯೂಗಳು ಇಲ್ಲಿನ ಪೆಟ್ರೋಲ್ ಬಂಕು, ಬಟ್ಟೆ ಅಂಗಡಿ, ಉಣಕಲ್ ಕೆರೆಯ ಬಗ್ಗೆ ಇದ್ದವು. ಆರು ಮಂದಿ ರೊಟ್ಟಿಯ ಬಗ್ಗೆ ಬರೆದಿದ್ದರು. ಧಾರವಾಡದ ಹಿರಿಯ ದಂಪತಿಯೊಬ್ಬರು ಹಾಕಿದ ಚಿತ್ರದಲ್ಲಿ ಸ್ಟೀಲ್ ತಟ್ಟೆ, ಅದರ ಅಂಚಿನಲ್ಲಿ ಗುರೆಳ್ಳು ಪುಡಿಯ ಮೇಲೆ ಸುರಿದ ಎಣ್ಣೆ, ಅರ್ಧ ಮುರಿದ ಖಡಕ್ ರೊಟ್ಟಿ, ಹಿಂದೆ ಗಲ್ಲೆಯ ಮೇಲಿನ ಬಸವಣ್ಣನವರ ಪಟದ ಒಂದು ತುದಿ ಕಾಣುತ್ತಿತ್ತು. ಇವರು ಉಂಡವರೇ. ಬಿಲ್ ಕೊಡುವಾಗ ಹುಡುಗ ನಿಂತು ‘ಫೈವ್ ಸ್ಟಾರ್ ಕೊಡ್ರಿ ಸರ್, ನನ್ನ ಹೆಸರು ಬರೀರಿ’ ಎಂದು ಕೇಳಿರುತ್ತಾನೆ, ಎದುರಿಗೆ ನಿಂತವನಿಗೆ ನಾಲ್ಕು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಇಂಥ ಸ್ಟಾರುಗಳು ಒಂದಿಷ್ಟು ಉಬ್ಬಿರುತ್ತವೆಯೇ ಹೊರತು ಸುಳ್ಳಲ್ಲ. ಬರೆದುದಕ್ಕೆ ಪ್ರತಿಯಾಗಿ ರಿಯಾಯಿತಿಯನ್ನೋ ಪುಕ್ಕಟೆ ಸಿಹಿಯನ್ನೋ ಕೊಟ್ಟಿದ್ದರೆ ಮಾತು ಬೇರೆ. ಅದನ್ನು ಗೂಗಲ್‌ನ ನಿಯಮಗಳೇ ನಿಷೇಧಿಸುತ್ತವೆ.

ಎರಡನೆಯ ಗುಂಪು 38 ರಿವ್ಯೂಗಳದು. ಇವು ಚೆನ್ನಾಗಿ ಬರೆದ, ಎರಡು ಮೂರು ವಾಕ್ಯಗಳ ಇಂಗ್ಲಿಷ್ ಬರಹಗಳು. ಒಂದನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ: ‘ಹುಬ್ಬಳ್ಳಿಯ ಅತ್ಯುತ್ತಮ ರೆಸ್ಟೋರೆಂಟ್. ವಾತಾವರಣ ಅದ್ಭುತ, ಸಿಬ್ಬಂದಿ ವಿನಯಶೀಲರು, ಆಹಾರ ರುಚಿಕರ. ಕುಟುಂಬ ಮತ್ತು ಸ್ನೇಹಿತರೊಂದಿಗೆ ಭೇಟಿ ನೀಡಲೇಬೇಕಾದ ಸ್ಥಳ.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನು ಹಾಗೆಯೇ ಎತ್ತಿ ಮಂಗಳೂರಿನ ಮೀನೂಟದ ಹೋಟೆಲಿಗೆ ಅಂಟಿಸಿದರೂ, ದೆಹಲಿಯ ಪಿಜ್ಜಾ ಅಂಗಡಿಗೆ ಅಂಟಿಸಿದರೂ ಸರಿಹೊಂದುತ್ತದೆ. ಖಾನಾವಳಿಯಲ್ಲಿ ಉಂಡವನು ವಾತಾವರಣದ ಬಗ್ಗೆ ಬರೆಯುವುದು ಅಪರೂಪ; ರೊಟ್ಟಿ ಬಿಸಿ ಇತ್ತೇ, ಎಣ್ಣೆಗಾಯಿಗೆ ಮಸಾಲೆ ಸಾಕಷ್ಟಿತ್ತೇ, ಎರಡನೇ ಸಲ ಪಲ್ಯ ಹಾಕಿದರೇ ಎಂದು ಬರೆಯುತ್ತಾನೆ. ರಿವ್ಯೂಗಳೊಳಗೆ ಪದ ಹುಡುಕುವ ಸೌಲಭ್ಯವಿದೆ. ಅಲ್ಲಿ rotti, roti, ‘ರೊಟ್ಟಿ’ ಎಂಬ ಮೂರೂ ರೂಪಗಳನ್ನು ಹಾಕಿ ನೋಡಿದೆ. ಹಳೆಯ 58ರ ಪೈಕಿ ಮಾತು ಬರೆದಿದ್ದ 40ರಲ್ಲಿ 26 ರಿವ್ಯೂಗಳು ರೊಟ್ಟಿಯನ್ನು ಹೆಸರಿಸಿದ್ದವು. ಈ 38ರಲ್ಲಿ ಒಂದೂ ಹೆಸರಿಸಿರಲಿಲ್ಲ. ರೊಟ್ಟಿ ಊಟದ ಮನೆಗೆ ಹೋದ ಮೂವತ್ತೆಂಟು ಮಂದಿಯಲ್ಲಿ ಒಬ್ಬರಿಗೂ ರೊಟ್ಟಿಯ ನೆನಪಾಗದಿರುವುದನ್ನು ನಂಬುವುದು ಕಷ್ಟ. ಎರಡು ರಿವ್ಯೂಗಳಂತೂ ಚಿಕನ್ ಬಿರಿಯಾನಿಯನ್ನು ಹೊಗಳಿದ್ದವು. ಇದು ಬಸವಣ್ಣನವರ ಪಟ ಹಾಕಿಕೊಂಡ, ಮೊಟ್ಟೆಯನ್ನೂ ಒಳಗೆ ಬಿಡದ ಶುದ್ಧ ಸಸ್ಯಾಹಾರಿ ಖಾನಾವಳಿ.

ಇನ್ನೊಂದು ಸಣ್ಣ ಗುರುತು ಎಂದರೆ, 38ರಲ್ಲಿ ಅರ್ಧಕ್ಕೂ ಹೆಚ್ಚು ಬರಹಗಳು ಖಾನಾವಳಿಯ ಪೂರ್ತಿ ಹೆಸರನ್ನು ಬೋರ್ಡಿನಲ್ಲಿರುವಂತೆಯೇ ಬರೆದು, ಜೊತೆಗೆ ಊರಿನ ಹೆಸರನ್ನೂ ಸೇರಿಸಿದ್ದವು. ಉಂಡವರು ‘ಇಲ್ಲಿ’ ಎನ್ನುತ್ತಾರೆ, ಏಕೆಂದರೆ ಅವರು ಬರೆಯುತ್ತಿರುವುದು ಅದೇ ಜಾಗದ ಪುಟದಲ್ಲಿ. ಪೂರ್ತಿ ಹೆಸರನ್ನು, ಊರನ್ನು, ‘ಅತ್ಯುತ್ತಮ’ ಎಂಬುದನ್ನು ಒಟ್ಟಿಗೆ ಸೇರಿಸುವುದು ಗೂಗಲ್ ಹುಡುಕಾಟದಲ್ಲಿ ಅಂಗಡಿ ಮೇಲೆ ಬರಲಿ ಎಂದು ಬಯಸುವವರ ರೂಢಿ. ಚಿತ್ರಗಳನ್ನು ಹಾಕಿದ್ದವರು ನಾಲ್ವರೇ. ಅವುಗಳಲ್ಲಿ ಒಂದು ಕಪ್ಪು ಕಲ್ಲಿನ ತಟ್ಟೆಯಲ್ಲಿಟ್ಟ ಅಣಬೆಯ ಖಾದ್ಯದ್ದು. ಗೂಗಲ್ ಲೆನ್ಸ್‌ನಲ್ಲಿ ಹಾಕಿದಾಗ ಅದೇ ಚಿತ್ರ ಒಂದು ಅಡುಗೆ ಜಾಲತಾಣದಲ್ಲಿ ಸಿಕ್ಕಿತು.

ಆದರೂ ಇವೆಲ್ಲ ಬರಹದ ಗುರುತುಗಳು, ಬರಹದ ಗುರುತನ್ನು ಅತಿಯಾಗಿ ನಂಬಬಾರದು. ನನ್ನ ಅತ್ತೆಯವರು ಎಲ್ಲಿಗೆ ಹೋದರೂ ‘ಊಟ ತುಂಬಾ ಚೆನ್ನಾಗಿದೆ’ ಎಂಬ ಮೂರೇ ಪದ ಬರೆಯುತ್ತಾರೆ. ಚಿಕ್ಕದು, ಸಪ್ಪೆಯದು, ವ್ಯಾಕರಣ ತಪ್ಪಿರುವುದು ಎಂಬ ಕಾರಣಕ್ಕೆ ಯಾವ ರಿವ್ಯೂವೂ ಸುಳ್ಳಾಗುವುದಿಲ್ಲ. ‘ಈ ಖಾತೆಯಲ್ಲಿ ಇದೊಂದೇ ರಿವ್ಯೂ ಇದೆ’ ಎಂಬುದನ್ನು ದೊಡ್ಡ ಪುರಾವೆಯೆಂದು ಹೇಳುವವರಿದ್ದಾರೆ. ಈ 38ರಲ್ಲಿ ಅಂಥ ಖಾತೆಗಳು 14 ಇದ್ದದ್ದು ನಿಜ. ಆದರೆ ನಾನು ಪ್ರಾಮಾಣಿಕವೆಂದು ಬದಿಗಿಟ್ಟ 11ರಲ್ಲಿಯೂ ಐದು ಖಾತೆಗಳು ಹಾಗೆಯೇ ಇದ್ದವು. ಜೀವನದಲ್ಲಿ ಒಂದೇ ಒಂದು ರಿವ್ಯೂ ಬರೆದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ನನಗೆ ಸಂಶಯ ಉಳಿಯದಂತೆ ಮಾಡಿದ್ದು ಖಾತೆಗಳ ನಡುವಿನ ಸಂಬಂಧ. 38ರಲ್ಲಿ ಒಂಟಿ ರಿವ್ಯೂವಿನ 14 ಖಾತೆಗಳನ್ನೂ, ತಮ್ಮ ಚಟುವಟಿಕೆಯನ್ನು ಮರೆಮಾಡಿಕೊಂಡಿದ್ದ 9 ಖಾತೆಗಳನ್ನೂ ಬಿಟ್ಟರೆ 15 ಉಳಿದವು. ಹೆಸರಿನ ಮೇಲೆ ಒತ್ತಿದರೆ ಆ ವ್ಯಕ್ತಿ ಬೇರೆಲ್ಲಿ ಏನು ಬರೆದಿದ್ದಾರೆಂಬುದು ಕಾಣುತ್ತದೆ. ಪುಸ್ತಕದಲ್ಲಿ ಒಂದೊಂದು ಖಾತೆಗೆ ಒಂದೊಂದು ಸಾಲು ಮಾಡಿ, ಅವರು ರಿವ್ಯೂ ಬರೆದ ಜಾಗಗಳನ್ನು ಬರೆದುಕೊಳ್ಳುತ್ತ ಹೋದೆ. ಐದನೆಯ ಸಾಲಿಗೆ ಬರುವಷ್ಟರಲ್ಲಿ ಕೈ ಅದೇ ಹೆಸರುಗಳನ್ನು ಮತ್ತೆ ಬರೆಯುತ್ತಿತ್ತು: ಪುಣೆಯ ಒಂದು ಹಲ್ಲಿನ ಆಸ್ಪತ್ರೆ, ಸೂರತ್‌ನ ಒಂದು ಕಾರ್ ತೊಳೆಯುವ ಜಾಗ, ನಾಗಪುರದ ಒಂದು ಕೋಚಿಂಗ್ ತರಗತಿ, ಜೈಪುರದ ಒಂದು ಫೋಟೊ ಸ್ಟುಡಿಯೊ. 15ರಲ್ಲಿ 12 ಖಾತೆಗಳು ಈ ನಾಲ್ಕಕ್ಕೂ ಐದು ಸ್ಟಾರ್ ಕೊಟ್ಟಿದ್ದವು, ಅವೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ. ಒಬ್ಬ ಮನುಷ್ಯ ಪುಣೆಯಲ್ಲಿ ಹಲ್ಲು ತೋರಿಸಿ, ಸೂರತ್‌ನಲ್ಲಿ ಕಾರು ತೊಳೆಸಿ, ಹುಬ್ಬಳ್ಳಿಗೆ ಬಂದು ಉಂಡಿರಬಹುದು. ಹನ್ನೆರಡು ಮಂದಿ ಅದೇ ಹಾದಿಯಲ್ಲಿ ಅದೇ ಐದು ಬಾಗಿಲುಗಳನ್ನೇ ತಟ್ಟಲಾರರು. ಒಂದು ರಿವ್ಯೂವನ್ನು ಎಷ್ಟು ಚೆನ್ನಾಗಿ ಬರೆದು ಮರೆಮಾಚಿದರೂ ಈ ಜಾಡನ್ನು ಮರೆಮಾಚುವುದು ಕಷ್ಟ. ಖಾತೆಗಳನ್ನು ಇಟ್ಟುಕೊಂಡು ವ್ಯಾಪಾರ ಮಾಡುವವನು ಅವೇ ಖಾತೆಗಳನ್ನು ಗಿರಾಕಿಯಿಂದ ಗಿರಾಕಿಗೆ ಬಳಸಿದರೆ ಮಾತ್ರ ಅವನಿಗೆ ಗಿಟ್ಟುತ್ತದೆ.

ಮೂರನೆಯದು ಬರೀ ಸ್ಟಾರುಗಳ ಗುಂಪು. 44 ಮಂದಿ ಒಂದು ಅಕ್ಷರವನ್ನೂ ಬರೆಯದೆ ಐದು ಸ್ಟಾರ್ ಒತ್ತಿದ್ದರು. ಇವರ ಖಾತೆಗಳ ಸ್ವರೂಪ ಬೇರೆಯೇ ಆಗಿತ್ತು. ಹಲವರದು ವರ್ಷಗಟ್ಟಲೆ ಹಳೆಯ ಖಾತೆ. ತಮ್ಮ ಊರಿನ ಶಾಲೆ, ದೇವಸ್ಥಾನ, ಮೊಬೈಲ್ ಅಂಗಡಿಯ ಬಗ್ಗೆ ಹಿಂದೆ ನಿಜವಾದ ಮಾತುಗಳನ್ನು ಬರೆದಿದ್ದವರು. ಅಂಥವರು ಒಂದು ದಿನ ಇದ್ದಕ್ಕಿದ್ದಂತೆ ಗೋವಾದ ಹೋಟೆಲು, ಉದಯಪುರದ ರೆಸಾರ್ಟು, ಹುಬ್ಬಳ್ಳಿಯ ಖಾನಾವಳಿ ಎಂದು ನಾಲ್ಕಾರು ಜಾಗಗಳಿಗೆ ಸ್ಟಾರ್ ಹಂಚಿ ಸುಮ್ಮನಾಗಿದ್ದರು. ಅವರು ಹಂಚಿದ ಜಾಗಗಳಲ್ಲಿ ಹನ್ನೆರಡು ಖಾತೆಗಳದ್ದರಂಥ ಹೊಂದಾಣಿಕೆಯೂ ಇರಲಿಲ್ಲ.

ವಾಟ್ಸ್ಆ್ಯಪ್, ಟೆಲಿಗ್ರಾಂಗಳಲ್ಲಿ ನಡೆಯುವ ‘ಮನೆಯಲ್ಲೇ ಕೂತು ಗಳಿಸಿ’ ಎಂಬ ವಂಚನೆಯನ್ನು ಬಲ್ಲವರಿಗೆ ಈ ಚಿತ್ರ ಪರಿಚಿತ. ಗೂಗಲ್ ಮ್ಯಾಪ್ಸ್‌ನ ಒಂದು ಕೊಂಡಿ ಕಳಿಸಿ, ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ ಐವತ್ತೋ ನೂರೋ ರೂಪಾಯಿ ಕೊಡುತ್ತೇವೆ ಎನ್ನುತ್ತಾರೆ, ಮೊದಮೊದಲು ಕೊಡುತ್ತಾರೆ ಕೂಡ. ನಂಬಿಕೆ ಬಂದ ಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ಹಣ ಕಟ್ಟಿಸಿಕೊಂಡು ಸಾವಿರಗಳಿಂದ ಲಕ್ಷಗಳವರೆಗೆ ದೋಚುತ್ತಾರೆ. ಇಲ್ಲಿ ವಂಚಕರಿಗೆ ಬೇಕಾದದ್ದು ಸ್ಟಾರ್ ಅಲ್ಲ, ಸ್ಟಾರ್ ಒತ್ತಿದವರ ಹಣ. ಅವರು ಕಳಿಸುವ ಕೊಂಡಿ ನಕ್ಷೆಯಲ್ಲಿ ಸಿಕ್ಕ ಯಾವುದೋ ಒಂದು ಜಾಗದ್ದಾಗಿರಬಹುದು, ಆ ಜಾಗದ ಮಾಲೀಕನಿಗೆ ಅದರ ಸುಳಿವೂ ಇಲ್ಲದಿರಬಹುದು. ಹೀಗಾಗಿ ಒಂದು ಹೋಟೆಲಿನ ಪುಟದಲ್ಲಿ ಸುಳ್ಳು ಸ್ಟಾರ್ ಕಂಡ ಮಾತ್ರಕ್ಕೆ ಅದರ ಮಾಲೀಕನೇ ಕೊಂಡಿದ್ದಾನೆ ಎನ್ನುವಂತಿಲ್ಲ. ನಾನು ಹೆಸರು ಬರೆಯದಿರುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಒಂದು ಬುಧವಾರ ಮಧ್ಯಾಹ್ನ ನಾನೇ ಅಲ್ಲಿಗೆ ಹೋದಾಗ ತಿಳಿಯಿತು. ಹಳೆಯ ರಿವ್ಯೂಗಳಲ್ಲಿ ಮೂರು, ನಾಲ್ಕು ಸ್ಟಾರ್ ಕೊಟ್ಟವರು ಹೇಳಿದ್ದ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ: ಒಂದೂವರೆಯ ನಂತರ ಎಣ್ಣೆಗಾಯಿ ಸಿಗುವುದಿಲ್ಲ, ಒಮ್ಮೆಗೆ ಮೂವತ್ತೆರಡು ಜನಕ್ಕಿಂತ ಹೆಚ್ಚು ಕೂರಲಾಗುವುದಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ, ಝುಣಕ ಒಂದೊಂದು ದಿನ ಉಪ್ಪಾಗಿರುತ್ತದೆ. ಉಪ್ಪಿನದೊಂದನ್ನು ಬಿಟ್ಟು ಉಳಿದೆಲ್ಲ ನಿಜವಾಗಿತ್ತು. ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಕೈ ನಿಲ್ಲುತ್ತಿರಲಿಲ್ಲ. ತಟ್ಟೆಗೆ ಬಂದ ರೊಟ್ಟಿ ಇನ್ನೂ ಉಬ್ಬಿಕೊಂಡೇ ಇತ್ತು. ಊಟವಾದ ಮೇಲೆ ಗಲ್ಲೆಯಲ್ಲಿ ಕೂತಿದ್ದ ಯಜಮಾನರ ಹತ್ತಿರ ಊಟದ ಏರ್ಪಾಟಿನ ಮಾತಾಡುತ್ತ, ಬಿರಿಯಾನಿ ಹೊಗಳಿದ್ದ ರಿವ್ಯೂವನ್ನು ತೋರಿಸಿದೆ.

ಅವರು ಫೋನನ್ನು ದೂರ ಹಿಡಿದು ಓದಿಸಿಕೊಂಡರು. ‘ಬಿರಿಯಾನಿ ಅಂತ ಬರದಾರೇನ್ರಿ?’ ಎಂದು ಎರಡು ಸಲ ಕೇಳಿದರು. ಆಮೇಲೆ, ‘ಒಬ್ಬ ಹುಡುಗ ಬಂದಿದ್ದರಿ. ಹೊಸಾ ಹೋಟೆಲ್‌ನವ್ರೆಲ್ಲಾ ಮಾಡಸ್ತಾರ, ನಿಮ್ಮದೂ ಮ್ಯಾಲೆ ತರ್ತೀನಿ ಅಂದ. ಆರ್ ಸಾವಿರ ತಗೊಂಡ. ನಲವತ್ತು ಹಾಕಸ್ತೀನಿ ಅಂದಿದ್ದ. ಏನ್ ಬರೀತಾನ ಅಂತ ನಾ ಕೇಳಲಿಲ್ರಿ, ಜಾಹೀರಾತು ಅಂತ ತಿಳಕೊಂಡಿದ್ದೆ’ ಎಂದರು. ಎರಡನೆಯ ಗುಂಪಿನ 38ಕ್ಕೆ ಈ ನಲವತ್ತು ಹೊಂದುತ್ತದೆ. ಉಳಿದ 44 ಸ್ಟಾರುಗಳ ಬಗ್ಗೆ ಅವರಿಗೇನೂ ತಿಳಿದಿರಲಿಲ್ಲ. ಅವರು ಮಾಡಿದ್ದು ತಪ್ಪೇ, ಅದನ್ನು ಅವರಿಗೆ ಹೇಳಿದೆ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿ IS 19000 ಎಂಬ ಮಾನಕವನ್ನು ತಂದಿದೆ, ಹಣ ಕೊಟ್ಟು ಬರೆಸಿದ ರಿವ್ಯೂಗಳಿಗೆ ಅದರಲ್ಲಿ ಅವಕಾಶವಿಲ್ಲ. ಆದರೆ ಅದು ರಿವ್ಯೂ ಪ್ರಕಟಿಸುವ ಸಂಸ್ಥೆಗಳು ಸ್ವ ಇಚ್ಛೆಯಿಂದ ಅನುಸರಿಸಬೇಕಾದ ಮಾನಕ, ಆ ಆರು ಸಾವಿರ ತೆಗೆದುಕೊಂಡ ಹುಡುಗನ ತನಕ ಅದು ತಲುಪುವುದಿಲ್ಲ.

ಈ ರೀತಿಯ ತಪಾಸಣೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಹೇಳಬೇಕು. 2017ರಲ್ಲಿ ಲಂಡನ್ನಿನ ಪತ್ರಕರ್ತ ಊಬಾ ಬಟ್ಲರ್ ಡಲ್ವಿಚ್ ಎಂಬಲ್ಲಿ ತಾನು ವಾಸವಿದ್ದ ಹಿತ್ತಲ ಶೆಡ್ಡನ್ನೇ ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್‌ನಲ್ಲಿ ಸೇರಿಸಿದರು. ಅಲ್ಲಿ ಅಡುಗೆಯೂ ಇರಲಿಲ್ಲ, ಗಿರಾಕಿಗಳೂ ಇರಲಿಲ್ಲ. ಕೆಲವು ‘ಖಾದ್ಯ’ಗಳ ಚಿತ್ರಗಳನ್ನು ಶೇವಿಂಗ್ ಫೋಮಿನಂಥ ವಸ್ತುಗಳಿಂದ ಮಾಡಿದ್ದರು. ಆದರೂ ಅದೇ ವರ್ಷದ ನವೆಂಬರ್ ಹೊತ್ತಿಗೆ ಅದು ಆ ತಾಣದ ಲಂಡನ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೇರಿತು. ರಿವ್ಯೂಗಳನ್ನು ಗೆಳೆಯರು, ಪರಿಚಿತರು ತಮ್ಮ ತಮ್ಮ ಸಾಧನಗಳಿಂದ, ತಮ್ಮ ತಮ್ಮ ಮಾತಿನಲ್ಲಿ, ತಿಂಗಳುಗಳ ಕಾಲ ಬಿಡಿಬಿಡಿಯಾಗಿ ಬರೆದಿದ್ದರು. ನಾನು ಬಳಸಿದ ಗುರುತುಗಳಲ್ಲಿ ಯಾವುದೂ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ: ಒಮ್ಮೆಗೇ ಏರಿದ್ದಿಲ್ಲ, ಒಂದೇ ಅಚ್ಚಿನ ಮಾತಿಲ್ಲ, ಖಾತೆಗಳು ಒಟ್ಟೊಟ್ಟಿಗೆ ಊರೂರು ತಿರುಗಿಲ್ಲ. ಅಗ್ಗಕ್ಕೆ, ಅವಸರದಲ್ಲಿ, ಸಗಟಾಗಿ ಕೊಂಡ ಹೊಗಳಿಕೆಯನ್ನಷ್ಟೇ ಈ ವಿಧಾನ ಹಿಡಿಯುತ್ತದೆ.

ನನ್ನ ಲೆಕ್ಕದಲ್ಲಿ ಹಳೆಯ 58ನ್ನೂ ಉಂಡವರ 11ನ್ನೂ ಸೇರಿಸಿದರೆ ಈ ಖಾನಾವಳಿಯ ಸರಾಸರಿ 4.2. ಒಳ್ಳೆಯ ಜಾಗ, 4.7ರ ಹಂಗು ಅದಕ್ಕೆ ಬೇಕಾಗಿರಲಿಲ್ಲ. ಊಟವನ್ನು ಅಲ್ಲಿಯೇ ಎರಡು ಪಂಕ್ತಿಗಳಲ್ಲಿ ಮಾಡಿಸಿದೆವು, ಎಣ್ಣೆಗಾಯಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆವು. ನಾಲ್ಕು ಊರುಗಳ ಜಾಡು ಸಿಕ್ಕಿದ್ದ 12 ರಿವ್ಯೂಗಳನ್ನು ಮಾತ್ರ Report review ಒತ್ತಿ ಗೂಗಲ್‌ಗೆ ವರದಿ ಮಾಡಿದೆ. ಬರೀ ಬರಹದ ಗುರುತಿದ್ದವನ್ನು ಮುಟ್ಟಲಿಲ್ಲ. ಆರು ವಾರಗಳ ನಂತರ ನೋಡಿದಾಗ ಅವುಗಳಲ್ಲಿ 9 ಹೋಗಿದ್ದವು. ಅವುಗಳ ಜೊತೆಗೆ, ನಾನು ವರದಿ ಮಾಡದಿದ್ದ ಮೊದಲನೆಯ ಗುಂಪಿನ ಎರಡು ರಿವ್ಯೂಗಳೂ ಕಾಣೆಯಾಗಿದ್ದವು. ಅವುಗಳಲ್ಲಿ ಒಂದು ಧಾರವಾಡದ ಆ ದಂಪತಿಯದು. ಗುರೆಳ್ಳಿನ ಮೇಲೆ ಎಣ್ಣೆ ಸುರಿದಿದ್ದ ಆ ಚಿತ್ರವೂ ಅದರ ಜೊತೆಗೇ ಹೋಗಿತ್ತು.